ತುಳು ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್: ಮಾತು ಮುಂದೆ, ಅಕ್ಷರ ಹಿಂದೆ

ಪ್ರಶ್ನೆ: ಗೆಳೆಯರ ತುಳು ಸಿನಿಮಾಕ್ಕೆ ನಾನೇ ಕನ್ನಡ ಸಬ್‌ಟೈಟಲ್ ಬರೆದಿದ್ದೇನೆ ಸರ್. ಎಡಿಟರ್ ಕೊಟ್ಟ ಕಾಪಿಯಲ್ಲಿ ಎಲ್ಲ ಸರಿ ಇತ್ತು. ಫೈನಲ್ ಫೈಲಿಗೆ ಹಾಕಿದರೆ ಶುರುವಿನಲ್ಲಿ ಸರಿ, ಕೊನೆ ಕೊನೆಗೆ ಏಳು ಸೆಕೆಂಡು ತಡ. ನೋಡಿದವರು 'ಓದಿ ಮುಗಿಯೋದ್ರೊಳಗೆ ಹೋಗ್ತದೆ' ಅಂತಾರೆ. ಸಾಫ್ಟ್‌ವೇರ್ ಅರ್ಧಕ್ಕರ್ಧ ಸಾಲು ಕೆಂಪಗೆ ತೋರಿಸುತ್ತಿದೆ. ಎಲ್ಲಿಂದ ಶುರು ಮಾಡಲಿ? — ಉಡುಪಿಯ ಓದುಗರು

ಉತ್ತರ: ಟೈಮಿಂಗ್‌ನಿಂದ ಶುರು ಮಾಡಿ. ಆದರೆ ಒಂದೊಂದೇ ಸಾಲನ್ನು ಕೈಯಲ್ಲಿ ಎಳೆದು ಸರಿಮಾಡಲು ಹೋಗಬೇಡಿ. ನಿಮ್ಮ ಫೈಲಿನ ತಪ್ಪಿಗೆ ಒಂದು ಲೆಕ್ಕ ಇರುವ ಹಾಗಿದೆ. ಹತ್ತಿಪ್ಪತ್ತು ಸಾಲನ್ನು ಅಂದಾಜಿನಲ್ಲಿ ಸರಿಸಿಬಿಟ್ಟರೆ ಆ ಲೆಕ್ಕ ಕೆಡುತ್ತದೆ, ಆಮೇಲೆ ಕಾರಣ ಹುಡುಕುವುದು ಕಷ್ಟ. ಈಗಾಗಲೇ ಸರಿಸಿದ್ದರೆ ಹಳೆಯ ಕಾಪಿ ತೆಗೆದುಕೊಳ್ಳಿ.

ಸಿನಿಮಾ ಉದ್ದಕ್ಕೂ ಐದು ಕಡೆ ಅಳತೆ ಮಾಡಿ. ಸ್ವಲ್ಪ ಹೊತ್ತು ಮೌನ ಇದ್ದು, ಆಮೇಲೆ ಕ, ಟ, ಪ ತರಹದ ಗಟ್ಟಿ ಸದ್ದಿನಿಂದ ಶುರುವಾಗುವ ಮಾತನ್ನು ಆರಿಸಿಕೊಳ್ಳಿ. ವೇವ್‌ಫಾರ್ಮ್‌ನಲ್ಲಿ ಅಂಥ ಮಾತಿನ ಶುರು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಸಬ್‌ಟೈಟಲ್ ಎಷ್ಟು ತಡ ಅಂತ ಬರೆದುಕೊಳ್ಳಿ. ಸಬ್‌ಟೈಟಲ್ ಫೈಲಿನ ಸಮಯದ ಪ್ರಕಾರ ನಿಮ್ಮ ಅಳತೆ ಹೀಗೆ ಬಂತು ಅಂತಿಟ್ಟುಕೊಳ್ಳಿ:

```
00:03:20   0.2
00:30:00   1.8
01:00:00   3.6
01:30:00   5.4
01:56:40   7.0
```

ಕೊನೆಯ ಸಾಲನ್ನು ನೋಡಿ. 01:56:40 ಅಂದರೆ 7000 ಸೆಕೆಂಡು. ತಡ ಆಗಿರುವುದು 7 ಸೆಕೆಂಡು. ಅಂದರೆ ಸಾವಿರಕ್ಕೆ ಒಂದು. ಮಿಕ್ಕ ನಾಲ್ಕು ಕಡೆಯೂ ಅದೇ ಪ್ರಮಾಣ. ಶುರುವಿನಲ್ಲಿ ಸರಿ ಇದೆ ಅನ್ನಿಸಿದ್ದು ತಪ್ಪು ಅಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕದು ಅನ್ನುವ ಕಾರಣಕ್ಕೆ.

ಸಾವಿರಕ್ಕೆ ಒಂದು ಅಂತ ಬಂದರೆ ನಾನು ಮೊದಲು ಅನುಮಾನಿಸುವುದು ಫ್ರೇಮ್ ರೇಟನ್ನು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಅಮೆರಿಕದ ಹಳೆಯ ಟೀವಿ ಪದ್ಧತಿಯಿಂದ ಉಳಿದುಕೊಂಡ ಇನ್ನೊಂದು ವೇಗ 23.976. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇದು 23.98 ಅಂತಲೂ ಕಾಣುತ್ತದೆ. ಅಷ್ಟೇ ಫ್ರೇಮ್‌ಗಳನ್ನು ಈ ವೇಗದಲ್ಲಿ ಓಡಿಸಿದರೆ ಸಿನಿಮಾ ಗಂಟೆಗೆ 3.6 ಸೆಕೆಂಡು ಉದ್ದ ಆಗುತ್ತದೆ. ನೀವು ಟೈಮಿಂಗ್ ಮಾಡಿದ ಕಾಪಿ 23.976ರದ್ದು, ಫೈನಲ್ 24ರದ್ದು ಇರಬೇಕು. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲಿನಲ್ಲಿ ಗಂಟೆ, ನಿಮಿಷ, ಸೆಕೆಂಡು, ಮಿಲಿಸೆಕೆಂಡು ಮಾತ್ರ ಇರುತ್ತವೆ. ಫ್ರೇಮ್ ರೇಟ್ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಆ ಫೈಲನ್ನು ಎಷ್ಟು ದಿಟ್ಟಿಸಿದರೂ ಇದು ಗೊತ್ತಾಗುವುದಿಲ್ಲ. ಟರ್ಮಿನಲ್‌ನಲ್ಲಿ ffprobe ಅನ್ನುವ ಟೂಲಿನಿಂದ ಎರಡೂ ವಿಡಿಯೊ ಫೈಲನ್ನೇ ಕೇಳಬೇಕು, `film.mp4` ಬದಲು ನಿಮ್ಮ ಫೈಲಿನ ಹೆಸರು ಹಾಕಿ:

```
ffprobe -v error -select_streams v:0 -show_entries stream=r_frame_rate:format=duration film.mp4
```

ಒಂದರಲ್ಲಿ `24000/1001`, ಇನ್ನೊಂದರಲ್ಲಿ `24/1` ಅಂತ ಬಂದು, ಒಟ್ಟು ಉದ್ದದಲ್ಲೂ ಏಳೆಂಟು ಸೆಕೆಂಡಿನ ವ್ಯತ್ಯಾಸ ಇದ್ದರೆ ಕಾರಣ ಸಿಕ್ಕಿತು. ಉದ್ದವನ್ನೂ ನೋಡಲೇಬೇಕು. ಯಾಕೆಂದರೆ ಕೆಲವು ಎಕ್ಸ್‌ಪೋರ್ಟ್‌ಗಳು ಫ್ರೇಮ್ ರೇಟ್ ಬದಲಿಸಿದರೂ ಉದ್ದವನ್ನು ಹಾಗೇ ಉಳಿಸುತ್ತವೆ. ಆಗ ಸಬ್‌ಟೈಟಲ್ ಜಾರುವುದಿಲ್ಲ.

ಸರಿಮಾಡುವುದು ಸುಲಭ. ಸಬ್‌ಟೈಟಲ್ ಎಡಿಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದರೆ `Synchronization` ಮೆನುವಿನಲ್ಲಿ `Point sync` ಇದೆ. ಮೊದಲ ಮತ್ತು ಕೊನೆಯ ಅಳತೆಯ ಸಾಲಿಗೆ ಸರಿಯಾದ ಸಮಯ ಕೊಡಿ, ನಡುವಿನದೆಲ್ಲವನ್ನೂ ಅದು ಹಂಚಿಕೊಳ್ಳುತ್ತದೆ. ಅಲ್ಲೇ ಇರುವ `Change frame rate` ಕೂಡ ಆಗುತ್ತದೆ, ಆದರೆ ದಿಕ್ಕು ತಿರುಗುಮುರುಗು ಆಗುವ ಅಪಾಯ ಇದೆ. ಕೊನೆಯ ಸಾಲು 7ರ ಬದಲು 14 ಸೆಕೆಂಡು ತಡವಾದರೆ ಹಾಗಾಗಿದೆ ಅಂತ ತಿಳಿಯಿರಿ. ಯಾವುದೇ ದಾರಿಯಲ್ಲಿ ಮಾಡಿದರೂ ಅದೇ ಐದು ಜಾಗವನ್ನು ಮತ್ತೆ ಅಳೆಯಿರಿ.

ಅಳತೆ ಬೇರೆ ಥರ ಬಂದರೆ? ಅರ್ಧ ಸಿನಿಮಾವರೆಗೆ ತಡವೇ ಇಲ್ಲದೆ, ಇಂಟರ್‌ವಲ್ ಆದ ಕೂಡಲೇ 7 ಸೆಕೆಂಡಿಗೆ ಹಾರಿ, ಕೊನೆವರೆಗೂ 7 ಆಗೇ ಉಳಿದರೆ ಅದು ವೇಗದ ತಪ್ಪಲ್ಲ. ಅಲ್ಲಿ ಏನನ್ನೋ ಕತ್ತರಿಸಿದ್ದಾರೆ. ಇಂಟರ್‌ವಲ್ ಕಾರ್ಡು ಚಿಕ್ಕದಾಗಿರಬಹುದು. ತಂಬಾಕು ತೋರಿಸುವ ಸಿನಿಮಾ ಆದರೆ ಥಿಯೇಟರ್ ಕಾಪಿಯಲ್ಲಿ ಶುರುವಿಗೂ ಮಧ್ಯಕ್ಕೂ ಕಡ್ಡಾಯದ ಎಚ್ಚರಿಕೆ ಜಾಹೀರಾತು ಇರುತ್ತದೆ, ಒಂದು ಕಾಪಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಹೀಗೇ ಆಗುತ್ತದೆ. ಇಂಥದ್ದಕ್ಕೆ ಆ ಜಾಗದಿಂದ ಮುಂದಿನ ಸಾಲುಗಳನ್ನು ಮಾತ್ರ ಒಟ್ಟಿಗೆ ಹಿಂದಕ್ಕೆ ಸರಿಸಬೇಕು. ಸುಮ್ನೆ `Point sync` ಒತ್ತಿದರೆ ಸರಿಯಿದ್ದ ಮೊದಲರ್ಧವೂ ಹಾಳಾಗುತ್ತದೆ. ಐದು ಕಡೆ ಅಳೆಯಿರಿ ಅಂದಿದ್ದು ಇದಕ್ಕೇ. ಬರೀ ಎರಡು ತುದಿ ನೋಡಿದರೆ ಈ ಎರಡು ತಪ್ಪೂ ಒಂದೇ ಥರ ಕಾಣುತ್ತವೆ.

ಈಗ ಕೆಂಪು ಸಾಲುಗಳ ವಿಷಯ. ಇದರಲ್ಲಿ ಎಷ್ಟೋ ನಿಜವಾದ ತಪ್ಪೇ ಅಲ್ಲದಿರಬಹುದು. ಸಾಫ್ಟ್‌ವೇರ್ ಸೆಕೆಂಡಿಗೆ ಎಷ್ಟು ಕ್ಯಾರೆಕ್ಟರ್ ಅಂತ ನೋಡುತ್ತದೆ. ಇಂಗ್ಲಿಷಿಗೆ ನೆಟ್‌ಫ್ಲಿಕ್ಸ್ ದೊಡ್ಡವರ ಕಾರ್ಯಕ್ರಮಗಳಲ್ಲಿ 20, ಮಕ್ಕಳದ್ದರಲ್ಲಿ 17ರವರೆಗೆ ಒಪ್ಪುತ್ತದೆ. ಆದರೆ ಕನ್ನಡದಲ್ಲಿ ಕಂಪ್ಯೂಟರಿನ ಎಣಿಕೆಯೇ ಬೇರೆ. 'ಒಪ್ಪಲಿಲ್ಲ' ಅನ್ನುವುದು ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ, ಒತ್ತನ್ನು ಕೂಡಿಸುವ ಹಲಂತ ಚಿಹ್ನೆ ಎಲ್ಲ ಬಿಡಿಬಿಡಿ, ಹಾಗಾಗಿ ಒಂಬತ್ತು. ನಿಮ್ಮ ಸಾಫ್ಟ್‌ವೇರ್ ಹೇಗೆ ಎಣಿಸುತ್ತದೆ ಅಂತ ಹೀಗೆ ಪರೀಕ್ಷೆ ಮಾಡಿ: 'ಸ್ತ್ರೀ' ಅಂತ ಒಂದೇ ಅಕ್ಷರದ ಸಬ್‌ಟೈಟಲ್ ಹಾಕಿ, ಸರಿಯಾಗಿ ಒಂದು ಸೆಕೆಂಡು ಇಡಿ. ವೇಗ 6 ಅಂತ ತೋರಿಸಿದರೆ ಎಲ್ಲ ಚಿಹ್ನೆಯನ್ನೂ ಎಣಿಸುತ್ತಿದೆ. 3 ಅಂದರೆ ಗುಣಿತವನ್ನು ವ್ಯಂಜನದ ಜೊತೆ ಸೇರಿಸಿಕೊಂಡು, ಒತ್ತುಗಳನ್ನು ಮಾತ್ರ ಬೇರೆ ಎಣಿಸುತ್ತಿದೆ.

ನಾನು ಇಟ್ಟುಕೊಂಡಿರುವ ಅಳತೆ ಇಷ್ಟು: ಸ್ಪೇಸ್ ಬಿಟ್ಟು ಸೆಕೆಂಡಿಗೆ 8 ಅಕ್ಷರ ಆರಾಮ, 10 ಮಿತಿ. ಇದು ಕೆಲಸದಿಂದ ಬಂದ ಅಂದಾಜು, ಯಾರೋ ಹೊರಡಿಸಿದ ನಿಯಮ ಅಲ್ಲ. ಮಾಮೂಲಿ ಕನ್ನಡ ವಾಕ್ಯದಲ್ಲಿ ಚಿಹ್ನೆಗಳು ಅಕ್ಷರಗಳ ಸುಮಾರು ಎರಡರಷ್ಟು ಇರುತ್ತವೆ. ಹಾಗಾಗಿ ಎಲ್ಲ ಚಿಹ್ನೆ ಎಣಿಸುವ ಸಾಫ್ಟ್‌ವೇರಿನಲ್ಲಿ, ಸ್ಪೇಸ್ ಬಿಟ್ಟು, ಮಿತಿಯನ್ನು 20ಕ್ಕೆ ಇಟ್ಟರೆ ಹೆಚ್ಚುಕಮ್ಮಿ ಹೊಂದುತ್ತದೆ. ಅದಾದ ಮೇಲೂ ಕೆಂಪಗೆ ಉಳಿದವನ್ನು ತಿದ್ದಬೇಕು.

ಒಂದು ಸಾಲು ತಿದ್ದಿ ನೋಡೋಣ. ಅಪ್ಪ ಮಗನಿಗೆ ಹೇಳುವ ಮಾತು, ತೆರೆಯ ಮೇಲೆ 2.2 ಸೆಕೆಂಡು ಇರುತ್ತದೆ:

```
ನಿನ್ನ ಅಜ್ಜಿ ಈ ಮನೆಯನ್ನು ಮಾರಬೇಕು ಎಂದು
ಹೇಳಿದಾಗ ನಾನು ಅದಕ್ಕೆ ಒಪ್ಪಲಿಲ್ಲ
```

28 ಅಕ್ಷರ, ಸೆಕೆಂಡಿಗೆ ಸುಮಾರು 12.7. ಓದಲಾಗದು. ಮೊದಲು ಜಾಗ ಹುಡುಕಿ. ಮಾತು ಮುಗಿದ ಮೇಲೆ ಮೌನ ಇದ್ದರೆ ಸಬ್‌ಟೈಟಲನ್ನು ಅರ್ಧ ಸೆಕೆಂಡು ಉಳಿಸಬಹುದು, ಮುಂದಿನದಕ್ಕೆ ಎರಡು ಫ್ರೇಮ್ ಅಂತರ ಬಿಟ್ಟರೆ ಸಾಕು. ಇಲ್ಲಿ ಮಗ ತಕ್ಷಣ ಮಾತಾಡುತ್ತಾನೆ ಅಂತಿಟ್ಟುಕೊಳ್ಳಿ. ಆಗ ಮಾತನ್ನೇ ಕಡಿಮೆ ಮಾಡಬೇಕು. 'ನಿನ್ನ' ಬೇಡ, ಎದುರಿಗಿರುವವನು ಮೊಮ್ಮಗನೇ. 'ಈ' ಬೇಡ, ಮನೆ ಕಾಣುತ್ತಿದೆ. 'ಅದಕ್ಕೆ' ಬೇಡವೇ ಬೇಡ. 'ನಾನು' ಮಾತ್ರ ಇರಲಿ. 'ಬಂದೆ', 'ಹೇಳಿದೆ' ಅನ್ನುವಲ್ಲಿ ಕ್ರಿಯಾಪದವೇ ಯಾರು ಅಂತ ಹೇಳುತ್ತದೆ, 'ನಾನು' ಬಿಡಬಹುದು. 'ಒಪ್ಪಲಿಲ್ಲ' ಹಾಗಲ್ಲ. ನಾನೂ ಒಪ್ಪಲಿಲ್ಲ, ಅವನೂ ಒಪ್ಪಲಿಲ್ಲ, ಅವರೂ ಒಪ್ಪಲಿಲ್ಲ.

ಹಾಗಾದರೆ 'ಅಜ್ಜಿ ಮನೆ ಮಾರೋಣ ಅಂದಾಗ ನಾನು ಒಪ್ಪಲಿಲ್ಲ'? 16 ಅಕ್ಷರ, ವೇಗ ಚೆನ್ನಾಗಿದೆ. ಆದರೆ ಅವಸರದಲ್ಲಿ ಓದುವವರಿಗೆ ಅದು 'ಅಜ್ಜಿಮನೆ' ಆಗಿಬಿಡುತ್ತದೆ, ಹೇಳಿದ್ದು ಯಾರು ಅನ್ನುವುದು ತಪ್ಪಿಹೋಗುತ್ತದೆ. ಎರಡು ಅಕ್ಷರ ಜಾಸ್ತಿ ಆದರೂ ಪದ ತಿರುಗಿಸುವುದೇ ವಾಸಿ: 'ಮನೆ ಮಾರೋಣ ಅಂತ ಅಜ್ಜಿ ಅಂದಾಗ ನಾನು ಒಪ್ಪಲಿಲ್ಲ'. 18 ಅಕ್ಷರ, ಸೆಕೆಂಡಿಗೆ 8.2.

ಇದನ್ನು ಎರಡು ಸಾಲು ಮಾಡಲು ಸಾಫ್ಟ್‌ವೇರಿಗೆ ಬಿಟ್ಟರೆ ಉದ್ದ ಸಮ ಮಾಡಿ ಹೀಗೆ ಮುರಿಯುತ್ತದೆ:

```
ಮನೆ ಮಾರೋಣ ಅಂತ ಅಜ್ಜಿ
ಅಂದಾಗ ನಾನು ಒಪ್ಪಲಿಲ್ಲ
```

ಒಂಬತ್ತು, ಒಂಬತ್ತು. ನೋಡಲು ಚೆಂದ, ಓದಲು ಎಡವಟ್ಟು. ಅಜ್ಜಿ ಏನು ಮಾಡಿದಳು ಅಂತ ಕಾಯುವ ಹೊತ್ತಿಗೆ ಕಣ್ಣು ಕೆಳಗಿನ ಸಾಲಿನ ಎಡತುದಿಗೆ ಓಡಬೇಕು. ಇದು ಸರಿ:

```
ಮನೆ ಮಾರೋಣ ಅಂತ ಅಜ್ಜಿ ಅಂದಾಗ
ನಾನು ಒಪ್ಪಲಿಲ್ಲ
```

ಇಂಗ್ಲಿಷ್ ಸಬ್‌ಟೈಟಲ್ ಕಲಿತವರು 'ಜೋಡಿಸುವ ಪದಕ್ಕೆ ಮುಂಚೆ ಮುರಿ' ಅನ್ನುತ್ತಾರೆ. ಕನ್ನಡದಲ್ಲಿ ಇದು ಬಹುಮಟ್ಟಿಗೆ ಉಲ್ಟಾ. ನಮ್ಮಲ್ಲಿ ಜೋಡಿಸುವ ಪದ ತನ್ನ ಮಾತಿನ ಕೊನೆಗೆ ಬರುತ್ತದೆ: ಅಂದಾಗ, ಬಂದರೆ, ಹೋಗಿ, ಅಂತ. ಹಾಗಾಗಿ ಅವುಗಳ ನಂತರ ಮುರಿಯಿರಿ. 'ಯಾಕಂದ್ರೆ' ಮಾತ್ರ ಬೇರೆ, ಅದು ಮುಂದಿನ ಮಾತಿನ ಶುರುವಿಗೆ ಬರುತ್ತದೆ, ಅದಕ್ಕೆ ಮುಂಚೆ ಮುರಿಯಿರಿ. 'ಅಂತ' ಯಾವತ್ತೂ ಎರಡನೇ ಸಾಲಿನ ಮೊದಲ ಪದ ಆಗಬಾರದು. 'ಅಣ್ಣನ' ಮೇಲೆ, 'ಅಂಗಡಿ' ಕೆಳಗೆ ಬೇಡ. 'ಬಿದ್ದು' ಮೇಲೆ, 'ಹೋಯಿತು' ಕೆಳಗೆ ಅಂತೂ ಬೇಡವೇ ಬೇಡ. ಮೇಲಿನ ಸಾಲು ಉದ್ದವಾಗಿ ಕೆಳಗಿನದು ಚಿಕ್ಕದಾದರೆ ಏನೂ ತೊಂದರೆ ಇಲ್ಲ. ಈ ತಪ್ಪುಗಳನ್ನು ಹಿಡಿಯುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ನಾನು ನೋಡಿಲ್ಲ. ಎರಡು ಸಾಲಿರುವ ಸಬ್‌ಟೈಟಲ್‌ಗಳನ್ನೆಲ್ಲ ಕಣ್ಣಿನಿಂದಲೇ ನೋಡಬೇಕು.

ಕೊನೆಯ ಪರೀಕ್ಷೆಯನ್ನು ನೀವು ಮಾಡಬೇಡಿ. ನಿಮಗೆ ತುಳು ಬರುತ್ತದೆ, ಅಲ್ವಾ? ಕಿವಿಗೆ ಅರ್ಥ ಮೊದಲೇ ಬಂದಿರುತ್ತದೆ, ಕಣ್ಣು ಓದಿದ ಹಾಗೆ ಅನ್ನಿಸುತ್ತದೆ ಅಷ್ಟೇ. ತುಳು ಬಾರದ ಒಬ್ಬರನ್ನು ಕೂರಿಸಿ, ಓದಲು ಆಗದ ಕಡೆ ನಿಲ್ಲಿಸಲು ಹೇಳಿ, ಸಮಯ ಬರೆದುಕೊಳ್ಳಿ. ಸಾಫ್ಟ್‌ವೇರ್ ಹಸಿರು ತೋರಿಸಿದ ಕಡೆಯೂ ಅವರು ನಿಲ್ಲಿಸುತ್ತಾರೆ. ಅಲ್ಲಿ ನೋಡಿದರೆ ಪರಿಚಯವಿಲ್ಲದ ಊರಿನ ಹೆಸರೋ, ಮೊದಲ ಸಲ ಬಂದ ಸಂಬಂಧದ ಪದವೋ ಇರುತ್ತದೆ. ಅಂಥ ಸಾಲಿಗೆ ಲೆಕ್ಕಕ್ಕಿಂತ ಅರ್ಧ ಸೆಕೆಂಡು ಜಾಸ್ತಿ ಕೊಡಿ.