ಜೋಳದ ಹಂಗಾಮಿನ ಗಳಿಕೆ: ಹಾಜರಿ ಬೇರೆ, ಕಾಳು ಬೇರೆ

«ಅಕ್ಕಲಕೋಟ ತಾಲೂಕಿನವಳು. ನಮ್ಮವ್ವ ಈ ಹಿಂಗಾರಿಯಲ್ಲಿ ಒಬ್ಬರದೇ ಹೊಲದಲ್ಲಿ 46 ಹಾಜರಿ ಮಾಡಿದ್ದಾಳೆ, ದಿನಕ್ಕೆ 300. ಜೋಳ ಕೊಯ್ದದ್ದಕ್ಕೆ ಮುಕ್ಕಾಲು ಚೀಲ ಕಾಳು ಕೊಟ್ಟಿದ್ದಾರೆ, ಕಣಕಿನೂ ಬಂದಿದೆ. ಬಚತ್ ಗಟದ ಸಾಲದ ಫಾರ್ಮಿನಲ್ಲಿ ಹಂಗಾಮಿನ ಗಳಿಕೆ ಬರೀಬೇಕು. 46×300, ಅದಕ್ಕೆ ಕಾಳಿನ ರೇಟು ಕೂಡಿಸಿದರೆ ಆಯ್ತಲ್ವಾ?»

ಆಗೋದಿಲ್ಲ ತಂಗಿ. ಹಾಗೆ ಬರೆದರೆ ಕೊಯ್ಲಿನ ದಿನಗಳಿಗೆ ಎರಡು ಸಲ ಕೂಲಿ ಹಿಡಿದಂತಾಗುತ್ತದೆ.

ನೀವು ಆಮೇಲೆ ಹಾಕಿದ ಡೈರಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ನಿಮ್ಮ ಅವ್ವ ಬಹಳ ಅಚ್ಚುಕಟ್ಟು. 46 ಗುರುತು ಇವೆ ನಿಜ. ಆದರೆ ಕೊನೆಯ 9ರ ಪಕ್ಕ «ಕೊ» ಅಂತ ಇದೆ. ಅವು ಕೊಯ್ಲಿನ ದಿನ, ಅದಕ್ಕೆ ರೊಕ್ಕ ಕೊಟ್ಟಿಲ್ಲ, ಕಾಳೇ ಕೂಲಿ ಅಂತ ನೀವೇ ಹೇಳಿದಿರಿ. ಉಳಿದ 37ರಲ್ಲಿ 4 ಗುರುತಿಗೆ ಅಡ್ಡಗೆರೆ ಇದೆ, ಅವು ಅರ್ಧ ದಿನ. ಅಂದರೆ ರೊಕ್ಕದ ಹಾಜರಿ 33 ಪೂರ್ತಿ, 4 ಅರ್ಧ, ಒಟ್ಟು 35. ಕಸ ತೆಗೆದದ್ದು, ಕಡಲೆ ಕಿತ್ತದ್ದು, ಹಕ್ಕಿ ಕಾಯ್ದದ್ದು ಎಲ್ಲ ಇದರಲ್ಲೇ ಬಂತು. 35×300 = 10,500.

ಕೈಗೆ ಬಂದದ್ದು 6,500 ಮಾತ್ರ ಅಂತ ಬರೆದಿದ್ದೀರಿ. ದಸರೆಯಲ್ಲಿ ತಗೊಂಡ 4,000 ಉಚಲ ಮುರಿದುಕೊಂಡಿದ್ದಾರೆ, ಅಷ್ಟೇ. ಉಚಲ ಸಾಲ. ದುಡಿದು ತೀರಿಸಿದ್ದು ಕೂಡಾ ಗಳಿಕೆಯೇ. ಹಾಗಾಗಿ 10,500 ಅಂತಲೇ ಬರೀರಿ. ಉಚಲ ತಗೊಂಡಾಗ ಅದನ್ನೂ ಗಳಿಕೆ ಅಂತ ಎಲ್ಲಾದರೂ ಬರೆದಿದ್ದರೆ ಅಲ್ಲಿ ಹೊಡೆದು ಹಾಕಿ.

ಈಗ ಕಾಳು. ಇಲ್ಲೇ ಎಲ್ಲರೂ ಜಾರೋದು. ನಾಲ್ಕು ಹೆಣ್ಣಾಳು, ನಾಲ್ಕು ಎಕರೆ, ಎಂಟು ಚೀಲಕ್ಕೆ ಒಂದು ಚೀಲ ಅಂತ ಮಾತಾಗಿತ್ತು. 24 ಚೀಲ ರಾಶಿ ಆಯ್ತು, 3 ಚೀಲ ಕೂಲಿಯವರಿಗೆ, ನಿಮ್ಮ ಅವ್ವನ ಪಾಲು ಮುಕ್ಕಾಲು. ಆದರೆ ಮುಕ್ಕಾಲು ಚೀಲ ಅಂದರೆ 75 ಕಿಲೋ ಅಂತ ಹಿಡಿಯಬೇಡಿ. ರಾಶಿ ಮಷೀನಿನ ಬಾಯಿಗೆ ಹಿಡಿದು ತುಂಬಿದ ಚೀಲ ಯಾರೂ ತೂಗಿರೋದಿಲ್ಲ. ನಿಮ್ಮ ಪೋಸ್ಟಿನ ಕೆಳಗೆ ಜತ್ತದ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ: ಮೊದಲು ಹಸನು ಮಾಡಿ, ಬಿಸಿಲಿಗೆ ಹಾಕಿ, ಆಮೇಲೆ ತೂಕ. ಕಾಳು ಹಲ್ಲಲ್ಲಿ ಕಡಿದರೆ ಕಟ್ ಅನ್ನಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ ಇದೆ ಅಂತ. ಹಸಿ ಕಾಳು ತೂಗಿದರೆ ನೀರಿಗೂ ಬೆಲೆ ಕಟ್ಟಿದ ಹಾಗೆ, ಮತ್ತೆ ಅದೇ ಕಾಳು ಮಳೆಗಾಲದೊಳಗೆ ಹುಳ ಹಿಡಿಯುತ್ತದೆ. ನೀವು ಗಿರಣಿಯ ಕಾಟಾದಲ್ಲಿ ತೂಗಿಸಿದಾಗ ಮೊದಲು 72 ಬಂತು, ಒಣಗಿಸಿ ಕೇರಿದ ಮೇಲೆ 68. ಲೆಕ್ಕಕ್ಕೆ 68 ಹಿಡೀರಿ.

68 ಕಿಲೋಗೆ ಯಾವ ದರ? ಮೂರು ದರ ಓಡಾಡುತ್ತಿವೆ. ನಿಮ್ಮೂರಲ್ಲಿ ವ್ಯಾಪಾರಿ ಹೊಲದ ಬಾಯಲ್ಲೇ ಕೊಳ್ಳೋದು 30 ರೂಪಾಯಿ. ಅಂಗಡಿಯಲ್ಲಿ ಕೊಂಡರೆ 40. ಇನ್ನೊಬ್ಬ ಅಣ್ಣ ಸರ್ಕಾರದ ಬೆಂಬಲ ಬೆಲೆ ಹಿಡೀರಿ ಅಂದಿದ್ದಾರೆ. ಅವರು ಹೇಳಿದ ಅಂಕಿ ಸರಿ ಇದೆ, 2025-26ಕ್ಕೆ ಮಾಲದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3,749. ಆದರೆ ಆ ಬೆಲೆ ನಿಮ್ಮ ಅವ್ವನಿಗೆ ಸಿಗೋದಿಲ್ಲ. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಹೊಲದ ಸಾತ್-ಬಾರಾ ಉತಾರ ಬೇಕು, ಅದರಲ್ಲಿ ಜೋಳದ ಬೆಳೆ ನಮೂದಾಗಿರಬೇಕು. ಹೊಲವೇ ಇಲ್ಲದವರು ಅಲ್ಲಿ ಒಂದು ಸೇರೂ ಹಾಕೋಕೆ ಆಗೋದಿಲ್ಲ. ಸಿಗದ ಬೆಲೆಯನ್ನು ಗಳಿಕೆ ಅಂತ ಬರೆಯೋದು ಹೇಗೆ?

ನಾನು ಮಾಡೋದು ಹೀಗೆ. ಮಾರಿದ್ದಕ್ಕೆ ಕೈಗೆ ಬಂದ ರೊಕ್ಕ, ಮನೆಗೆ ಇಟ್ಟುಕೊಂಡದ್ದಕ್ಕೆ ಅಂಗಡಿಯ ದರ. ಯಾಕಂದರೆ ಆ ಕಾಳು ಇಲ್ಲದಿದ್ದರೆ ರೊಟ್ಟಿಗೆ ಅಂಗಡಿಯಿಂದಲೇ ತರಬೇಕಿತ್ತು. ಸರ್ಕಾರದ ಎನ್‌ಎಸ್‌ಎಸ್ ಸಮೀಕ್ಷೆಯವರೂ ಕಾಳಿನ ಕೂಲಿಯನ್ನು ಚಿಲ್ಲರೆ ದರದಲ್ಲೇ ಹಿಡಿಯುತ್ತಾರೆ. ನೀವು 18 ಕಿಲೋ ಮಾರಿದಿರಿ, 540 ಬಂತು. ಉಳಿದ 50 ಕಿಲೋಗೆ 40ರಂತೆ 2,000. ಒಟ್ಟು 2,540. (ಬೆಂಬಲ ಬೆಲೆಯಲ್ಲಿ ಹಿಡಿದರೂ 2,549 ಬರುತ್ತದೆ, ಅಣ್ಣ ನಗಬೇಡಿ, ಅದು ಸುಮ್ನೆ ಕಾಕತಾಳೀಯ.)

ಕಣಕಿ ಬಿಡಬೇಡಿ. ಎಮ್ಮೆಗೆ ಅಂತ ತಂದ 40 ಪೆಂಡಿ, ನಿಮ್ಮ ಕಡೆ ನೂರಕ್ಕೆ 2,000 ನಡೆದಿದೆ ಅಂದಿರಿ, ಅಲ್ಲಿಗೆ 800.

ಹಾಗಾದರೆ 10,500 + 2,540 + 800 = 13,840. ನೀವು ಬರೆಯಲು ಹೊರಟದ್ದು 13,800 ಮತ್ತು ಮುಕ್ಕಾಲು ಚೀಲಕ್ಕೆ 2,250, ಅಂದರೆ 16,050. ಕಣಕಿ ಹಿಡಿಯದೆಯೇ ಎರಡು ಸಾವಿರಕ್ಕೂ ಹೆಚ್ಚು ಉಬ್ಬಿತ್ತು.

ಫಾರ್ಮಿನಲ್ಲಿ ಇದನ್ನು ಒಂದೇ ಅಂಕಿಯಾಗಿ ಬರೆಯಬೇಡಿ. «ರೊಕ್ಕದ ಕೂಲಿ 10,500, ಕಾಳು ಮಾರಿದ್ದು 540, ಮನೆಗೆ ಬಂದ ಕಾಳು ಕಣಕಿ 2,800» ಅಂತ ಬಿಡಿಸಿ ಬರೀರಿ. ಕಂತು ಕಟ್ಟೋದು ರೊಕ್ಕದಿಂದ. ತಿಂದ ಜೋಳದಿಂದ, ಎಮ್ಮೆ ಮೇಯ್ದ ಕಣಕಿಯಿಂದ ಕಂತು ಕಟ್ಟಲು ಬರೋದಿಲ್ಲ. ಗಟದ ಬಾಯಂದಿರು ಒಟ್ಟು ಅಂಕಿ ನೋಡಿ ದೊಡ್ಡ ಕಂತು ಹಾಕಿದರೆ ಮುಂದಿನ ವರ್ಷ ತೊಂದರೆ ನಿಮಗೇ.

ರೊಕ್ಕಕ್ಕಿಂತ ಕಾಳೇ ಯಾವಾಗಲೂ ಲಾಭ ಅಂತ ಒಬ್ಬರು ವಾದ ಹಾಕಿದ್ದಾರೆ. ಈ ವರ್ಷಕ್ಕೆ ಸರಿ. 9 ದಿನಕ್ಕೆ ಕಾಳು ಕಣಕಿ ಸೇರಿ 3,340, ದಿನಕ್ಕೆ ಸುಮಾರು 371 ಬಿತ್ತು. ಆದರೆ ಹಿಂಗಾರಿ ಮಳೆ ಕೈಕೊಟ್ಟು 24ರ ಬದಲು 12 ಚೀಲ ಆಗಿದ್ದರೆ? ತೆನೆ ಸಣ್ಣದಾದರೂ ಕೀಳಬೇಕಾದ ದಂಟು ಅಷ್ಟೇ ಇರುತ್ತದೆ, ದಿನ ಅರ್ಧ ಆಗೋದಿಲ್ಲ. ಕಾಳು ಮಾತ್ರ ಅರ್ಧ. ಅವಾಗ ದಿನಕ್ಕೆ ಇನ್ನೂರರ ಆಸುಪಾಸು ಬರುತ್ತದೆ, ಅತ್ತ ಹೊಲದ ಧಣಿ ಆರಾಮ. ತೆನೆ ಕಟ್ಟುವ ಹೊತ್ತಿಗೆ ಹೊಲ ನೋಡಿಕೊಂಡು ಆಮೇಲೆ ಮಾತು ಮುಗಿಸೋದು ಜಾಣತನ. ದಂಟು ಗಿಡ್ಡಾಗಿ ತೆನೆ ಸಪೂರ ಇದ್ದರೆ ರೊಕ್ಕವೇ ಕೇಳಲಿ.

  

ಒಂದು ಮಾತ್ರ ನನಗೂ ಬಗೆಹರಿದಿಲ್ಲ. ಜೋಳದ ಕೊಯ್ಲಿಗೆ ನಸುಕಿನಲ್ಲೇ ಹೊಲಕ್ಕೆ ಇಳಿಯುತ್ತಾರೆ, ಕಸ ತೆಗೆಯುವ ದಿನಕ್ಕಿಂತ ತಾಸು ಜಾಸ್ತಿ. ಆ 9 ದಿನವನ್ನು 9 ಅಂತ ಹಿಡಿದರೆ 371 ಚಲೋ ಕಾಣುತ್ತದೆ. ಒಂದೂವರೆ ಹಾಜರಿ ಅಂತ ಹಿಡಿದರೆ 250ಕ್ಕಿಂತ ಕೆಳಗೆ ಬರುತ್ತದೆ. ಕಾಕಾ ಒಂದೇ ಹಾಜರಿ ಅನ್ನುತ್ತಾರೆ, ನಮ್ಮೂರ ಹೆಣ್ಣುಮಕ್ಕಳು ಒಪ್ಪೋದಿಲ್ಲ. ತಂಗಿ, ನಿಮ್ಮ ಅವ್ವನನ್ನೇ ಕೇಳಿ ಬರೀರಿ. ಹಾಗೇ ಮಷೀನಿನವರ ಪಾಲು ತೆಗೆದ ಮೇಲೆ ಎಂಟಕ್ಕೆ ಒಂದಾ, ತೆಗೆಯುವ ಮೊದಲಾ ಅಂತಾನೂ ಕೇಳಿ. ಮೊದಲೇ ತೆಗೆದಿದ್ದರೆ ರಾಶಿ 24 ಚೀಲಕ್ಕಿಂತ ಜಾಸ್ತಿ ಆಗಿತ್ತು, ನಿಮ್ಮ ನಾಲ್ಕು ಮಂದಿಯ ಪಾಲು ಎಂಟರಲ್ಲಿ ಒಂದಕ್ಕಿಂತ ಕಮ್ಮಿ ಬಿದ್ದಿದೆ ಅಂತ ಅರ್ಥ.