ಅಂತರದಿಂದ ಹಿಂದಕ್ಕೆ ಓದಿ

ಓದುಗರ ಪತ್ರ: ಪಿಎಚ್.ಡಿ. ಪ್ರಬಂಧವೊಂದರ ಪೂರ್ವ ಅಧ್ಯಯನಗಳ ಅಧ್ಯಾಯವನ್ನು ಒಂದು ಪುಟಕ್ಕೆ ಇಳಿಸಬೇಕಿದೆ. ಒಬ್ಬೊಬ್ಬ ಸಂಶೋಧಕರಿಗೂ ಒಂದೊಂದು ವಾಕ್ಯ ಕೊಟ್ಟರೆ ಬರೀ ಪಟ್ಟಿಯಾಗುತ್ತದೆ. ಹಿಂದಿನ ಅಧ್ಯಯನಗಳಲ್ಲಿ ಉಳಿದುಹೋಗಿದೆ, ತಾವು ತುಂಬುತ್ತೇವೆ ಎಂದು ಲೇಖಕರು ಹೇಳಿರುವ ಅಂತರ ಕೊನೆಯಲ್ಲಿ ಅಂಟಿಸಿದಂತೆ ಕಾಣುತ್ತದೆ. ಏನು ಮಾಡಲಿ?

ಸಂಪಾದಕರ ಉತ್ತರ: ಅಧ್ಯಾಯವನ್ನು ಕೊನೆಯ ಎರಡು ಮೂರು ಪ್ಯಾರಾಗಳಿಂದ ಓದಲು ಶುರು ಮಾಡಿ. ಅಂತರದ ಮಾತು ಹೆಚ್ಚಾಗಿ ಅಲ್ಲಿರುತ್ತದೆ. 'ಆದರೆ', 'ಈವರೆಗೆ', 'ಅಷ್ಟಾಗಿ ಗಮನ ಹರಿದಿಲ್ಲ' ಎಂಬಂಥ ಮಾತುಗಳ ಆಸುಪಾಸಿನಲ್ಲಿ ಹುಡುಕಿ. ಸಿಕ್ಕ ವಾಕ್ಯವನ್ನು ಇದ್ದ ಹಾಗೇ ಬರೆದುಕೊಂಡು, ಪ್ರಬಂಧದ ಸಂಶೋಧನಾ ಪ್ರಶ್ನೆಗಳ ಪಕ್ಕದಲ್ಲಿಟ್ಟು ನೋಡಿ. ಎರಡೂ ತಾಳೆಯಾಗದಿದ್ದರೆ ಪ್ರಶ್ನೆಗಳನ್ನೇ ನಂಬಿ. ಲೇಖಕರು ನಿಜವಾಗಿ ಕೆಲಸ ಮಾಡಿರುವುದು ಅವುಗಳ ಮೇಲೆ.

ಒಂದು ಉದಾಹರಣೆ ಹಿಡಿದು ನೋಡೋಣ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡರೆ ಅದು ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತದೆಯೇ ಎಂಬ ವಿಷಯದ ಮೇಲೆ ಒಂದು ಪ್ರಬಂಧವಿದೆ ಎಂದುಕೊಳ್ಳಿ. ಅದರ ಅಂತರದ ವಾಕ್ಯ ಹೀಗಿರಲಿ: 'ಹಲವು ಹಂತಗಳಲ್ಲಿ ಬಿಡಿಸುವ ಲೆಕ್ಕಗಳಲ್ಲಿ ಈ ಲಾಭ ಒಂದು ವಾರ ದಾಟಿಯೂ ಉಳಿಯುತ್ತದೆಯೇ ಎಂಬುದು ಸ್ಪಷ್ಟವಾಗಿಲ್ಲ.' ಇದರೊಳಗೆ ಎರಡು ಸಂಗತಿಗಳಿವೆ: ಏನನ್ನು ಕಲಿಸಿದರು, ಎಷ್ಟು ದಿನದ ಮೇಲೆ ಪರೀಕ್ಷಿಸಿದರು. ಇನ್ನು ಅಧ್ಯಾಯದ ಪ್ರತಿ ಅಧ್ಯಯನಕ್ಕೂ ಈ ಎರಡನ್ನೇ ಕೇಳುತ್ತಾ ಹೋಗಿ. ಎರಡರಲ್ಲಿ ಒಂದಕ್ಕೂ ಉತ್ತರ ಕೊಡದ ಅಧ್ಯಯನ ನಿಮ್ಮ ಒಂದು ಪುಟದಲ್ಲಿ ಇರಬೇಕಾಗಿಲ್ಲ, ಅದು ಎಷ್ಟೇ ಪ್ರಸಿದ್ಧವಾಗಿರಲಿ.

ಈ ವಿಷಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗ ಉಳಿಯುತ್ತದೆ. ಅದನ್ನು 'ನೆನಪಿಸಿಕೊಳ್ಳುವುದೇ ಉತ್ತಮ ಎಂದು ಕಂಡುಬಂದಿದೆ' ಎಂದು ಬರೆದರೆ ತಪ್ಪಾಗುತ್ತದೆ. ಗದ್ಯಭಾಗ ಓದಿದ ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರು ಓದಿದವರೇ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರದ ನಂತರ ಫಲಿತಾಂಶ ತಿರುಗಿತು. ಈ ಷರತ್ತನ್ನು ಬಿಟ್ಟರೆ ಪರೀಕ್ಷೆಯ ಸಮಯ ಯಾಕೆ ಮುಖ್ಯ ಎಂಬುದೇ ಓದುಗರಿಗೆ ತಿಳಿಯುವುದಿಲ್ಲ. ಆಗ ಅಂತರ ಅಂಟಿಸಿದಂತೆ ಕಾಣದೆ ಇನ್ನೇನು? ಸಾರಾಂಶಗಳು ಹೆಚ್ಚಾಗಿ ಕೆಡುವುದು ಇಲ್ಲೇ: ಫಲಿತಾಂಶ ಉಳಿಯುತ್ತದೆ, ಅದು ಯಾವಾಗ, ಯಾವುದರ ಮೇಲೆ ನಿಜವಾಯಿತು ಎಂಬುದು ಕಳಚಿಹೋಗುತ್ತದೆ.

ಎರಡನೆಯ ಅಪಾಯ, ಎದುರು ವಾದವನ್ನು ನುಂಗಿಬಿಡುವುದು. ಕಲಿಯುವ ವಿಷಯ ಜಟಿಲವಾದಷ್ಟೂ ಈ ಲಾಭ ಕುಗ್ಗುತ್ತದೆ, ಇಲ್ಲವಾಗಲೂಬಹುದು ಎಂದು ವಾನ್ ಗೋಗ್ ಮತ್ತು ಸ್ವೆಲ್ಲರ್ 2015ರಲ್ಲಿ ವಾದಿಸಿದರು. ಅದೇ ವರ್ಷ ಕಾರ್ಪಿಕೆ ಮತ್ತು ಅವರ ಸಹಲೇಖಕರೊಬ್ಬರು ಇದನ್ನು ಒಪ್ಪದೆ, ಜಟಿಲ ವಿಷಯಗಳಲ್ಲೂ ಲಾಭವಿದೆ ಎಂದು ಉತ್ತರ ಬರೆದರು. ಇದನ್ನು ಬಿಟ್ಟರೆ 'ಜಟಿಲ ವಿಷಯಗಳ ಬಗ್ಗೆ ಯಾರೂ ಯೋಚಿಸಿಯೇ ಇಲ್ಲ' ಎಂಬ ಅರ್ಥ ಬರುತ್ತದೆ. ಯಾರೂ ಮಾಡಿಲ್ಲ ಎನ್ನುವುದು ಒಂದು ಬಗೆಯ ಅಂತರ, ಮಾಡಿದವರಲ್ಲಿ ಒಮ್ಮತವಿಲ್ಲ ಎನ್ನುವುದು ಇನ್ನೊಂದು ಬಗೆಯದು. ಪ್ರಬಂಧದ್ದು ಯಾವುದೆಂದು ಸಾರಾಂಶ ಬಿಡಿಸಿ ಹೇಳಲೇಬೇಕು.

ಈಗ ಬರವಣಿಗೆಗೆ ಬನ್ನಿ. ಹೆಸರು ಮತ್ತು ವರ್ಷದ ಕ್ರಮ ಬೇಡ, ಕಂಡುಬಂದ ಸಂಗತಿಯೇ ವಾಕ್ಯದ ಮುಂದೆ ಬರಲಿ:

'ಗದ್ಯ ಕಲಿತವರಲ್ಲಿ, ಪರೀಕ್ಷೆ ಎರಡು ದಿನದಿಂದ ಒಂದು ವಾರ ತಡವಾದಾಗ, ನೆನಪಿಸಿಕೊಂಡವರು ಮರು ಓದಿದವರಿಗಿಂತ ಮುಂದಿದ್ದರು. ತಕ್ಷಣದ ಪರೀಕ್ಷೆಯಲ್ಲಿ ಹಾಗಾಗಲಿಲ್ಲ (ರೋಡಿಗರ್ ಮತ್ತು ಕಾರ್ಪಿಕೆ, 2006). ಜಟಿಲ ವಿಷಯಗಳಲ್ಲೂ ಇದು ನಿಲ್ಲುತ್ತದೆಯೇ ಎಂಬ ಬಗ್ಗೆ 2015ರಲ್ಲಿ ಸಂಶೋಧಕರು ಎರಡು ಪಕ್ಷವಾದರು. ಲೆಕ್ಕಗಳ ವಿಷಯದಲ್ಲಿ, ಅದರಲ್ಲೂ ಒಂದು ವಾರ ದಾಟಿದ ಮೇಲೆ, ಪುರಾವೆ ಸಾಲದು ಎಂದು ಲೇಖಕರು ಹೇಳುತ್ತಾರೆ. ತಮ್ಮ ಪ್ರಯೋಗ ಅದನ್ನು ಒದಗಿಸುತ್ತದೆ ಎಂಬುದು ಅವರ ವಾದ.'

ಕೊನೆಯ ಎರಡು ವಾಕ್ಯಗಳ 'ಹೇಳುತ್ತಾರೆ', 'ಅವರ ವಾದ' ಎಂಬ ಮಾತುಗಳನ್ನು ಗಮನಿಸಿ. ಹಿಂದಿನವರು ಕಂಡದ್ದು ಪ್ರಯೋಗದ ಫಲ. ಅಂತರವಿದೆ ಎನ್ನುವುದು ಪ್ರಬಂಧಕಾರರ ತೀರ್ಮಾನ, ಅದನ್ನು ನೀವು ಬೇರೆಯಾಗಿ ಪರಿಶೀಲಿಸಿಲ್ಲ. 'ಪುರಾವೆ ಇಲ್ಲ' ಎಂದು ನಿಮ್ಮ ಮಾತಾಗಿ ಬರೆದರೆ, ಅವರು ಓದದ ಅಧ್ಯಯನವೊಂದು ಎಲ್ಲೋ ಇದ್ದ ದಿನ ತಪ್ಪು ನಿಮ್ಮ ತಲೆಗೆ ಬರುತ್ತದೆ. ಹಾಗೆಯೇ, ಪ್ರಬಂಧಕಾರರು ಹಿಂದಿನ ಅಧ್ಯಯನವನ್ನು 'ದುರ್ಬಲ' ಎಂದಿದ್ದರೆ ಆ ಮಾತನ್ನೂ ಅವರ ಹೆಸರಿನಲ್ಲೇ ಇಡಿ.

ಬರೆದು ಮುಗಿದ ಮೇಲೆ ಅಂತರದ ವಾಕ್ಯವನ್ನು ಮುಚ್ಚಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಮೇಲಿನದ್ದನ್ನಷ್ಟೇ ಓದಲು ಕೊಡಿ. ಮುಂದೆ ಏನನ್ನು ಅಧ್ಯಯನ ಮಾಡಬೇಕು ಎಂದು ಕೇಳಿ. ಅವರ ಊಹೆ ಅಂತರದ ಹತ್ತಿರವೂ ಸುಳಿಯದಿದ್ದರೆ ಅಂತರದ ವಾಕ್ಯವನ್ನು ತಿದ್ದಲು ಹೋಗಬೇಡಿ. ಮೇಲಿನ ವಾಕ್ಯಗಳಲ್ಲಿ 'ಯಾವುದರ ಮೇಲೆ, ಎಷ್ಟು ದಿನಕ್ಕೆ' ಎಂಬುದು ಎಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿ ಸೇರಿಸಿ.