ಗೆರೆಗಳು ಒಂದನ್ನೊಂದು ದಾಟಿದಾಗ ಪಿ ವ್ಯಾಲ್ಯೂ ಏನು ಹೇಳುತ್ತದೆ?

ಥೀಸಿಸ್ ಸಲಹೆಗೆ ನನ್ನ ಹತ್ತಿರ ಬರುವ ಪಿಜಿ ವಿದ್ಯಾರ್ಥಿಗಳಲ್ಲಿ ವರ್ಷಕ್ಕೆ ಒಬ್ಬರಾದರೂ ಇದೇ ಗಂಟು ಹೊತ್ತು ತರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಿವರ, ಅಂಕಿ ಎರಡನ್ನೂ ಬದಲಿಸಿದ್ದೇನೆ.

ಈ ಹುಡುಗಿಯ ವಿಷಯ ಆಪರೇಷನ್ ಮತ್ತು ಬರೀ ಔಷಧಿಯ ಹೋಲಿಕೆ. ತಲಾ 40 ರೋಗಿಗಳು, 3 ವರ್ಷದ ಫಾಲೋ ಅಪ್. ಎಷ್ಟು ಪಾಲು ಜನ ಇನ್ನೂ ಬದುಕಿದ್ದಾರೆ ಅಂತ ಕಾಲಕ್ರಮದಲ್ಲಿ ತೋರಿಸುವ ಎರಡು ಗುಂಪಿನ ಗೆರೆಗಳು ಮಧ್ಯದಲ್ಲಿ ಒಂದನ್ನೊಂದು ದಾಟಿದ್ದವು. ಅವನ್ನು ಹೋಲಿಸುವ ಲಾಗ್ ರ‍್ಯಾಂಕ್ ಟೆಸ್ಟಿನ ಪಿ ವ್ಯಾಲ್ಯೂ 0.88, ಅಂದರೆ ಗುಂಪುಗಳ ನಡುವೆ ವ್ಯತ್ಯಾಸ ಇದೆ ಅನ್ನೋಕೆ ಟೆಸ್ಟಿಗೆ ಪುರಾವೆ ಸಿಗಲಿಲ್ಲ.

"ಎರಡೂ ಒಂದೇ ಅಂತ ಬರೆದುಬಿಡ್ಲಾ ಮೇಡಂ?" ಅಂದಳು. ಆಮೇಲೆ ತಾನೇ, "ಆದ್ರೆ ಮೊದಲ ಮೂರು ತಿಂಗಳು ಆ ವಾರ್ಡಲ್ಲಿ ನಾನೇ ಇದ್ದೆ. ಒಂದೇ ಅಂತ ಬರೆಯೋಕೆ ಕೈ ಬರ್ತಿಲ್ಲ" ಅಂದಳು.

ಕೈ ಬರದಿದ್ದದ್ದೇ ಸರಿ. ಲ್ಯಾಪ್‌ಟಾಪ್ ಮುಚ್ಚಿಸಿ ಹಾಳೆಯ ಮೇಲೆ ಲೆಕ್ಕ ಹಾಕಿದೆವು. ಮೊದಲ 3 ತಿಂಗಳಲ್ಲಿ ಆಪರೇಷನ್ ಗುಂಪಿನಲ್ಲಿ 8 ಸಾವು, ಔಷಧಿ ಗುಂಪಿನಲ್ಲಿ 2. ಲಾಗ್ ರ‍್ಯಾಂಕ್ ಪ್ರತಿ ಸಾವಿನ ದಿನವೂ, ಆಗ ಉಳಿದವರನ್ನು ಎಣಿಸಿ, ಎರಡು ಗುಂಪಿಗೂ ಅಪಾಯ ಒಂದೇ ಆಗಿದ್ದರೆ ಯಾರ ಪಾಲಿಗೆ ಎಷ್ಟು ಬರಬೇಕಿತ್ತು ಅಂತ ಕೇಳುತ್ತದೆ. ಆಪರೇಷನ್ ಪಾಲಿಗೆ ಬರಬೇಕಿದ್ದದ್ದು ಸುಮಾರು 4.8, ಅಂದರೆ 3.2 ಜಾಸ್ತಿ. ಆಮೇಲೆ ಎಲ್ಲ ತಿರುಗಿತು. ಉಳಿದ ಅವಧಿಯಲ್ಲಿ ಆಪರೇಷನ್ನಿನಲ್ಲಿ 6 ಸಾವು, ಔಷಧಿಯಲ್ಲಿ 14. ಬರಬೇಕಿದ್ದದ್ದು ಸುಮಾರು 9.6, ಅಂದರೆ 3.6 ಕಮ್ಮಿ. ಟೆಸ್ಟ್ ಇವೆರಡನ್ನೂ ಕೂಡಿಸಿತು, ಉಳಿದದ್ದು 0.4. ಮೊದಲಿನ ನಷ್ಟವನ್ನು ಆಮೇಲಿನ ಲಾಭ ನುಂಗಿಬಿಟ್ಟಿತ್ತು, ಅಷ್ಟೇ.

"ಹಾಗಾದ್ರೆ 3 ತಿಂಗಳಿಗೆ ಕತ್ತರಿಸಿ ಎರಡು ಟೆಸ್ಟ್ ಮಾಡ್ಲಾ?"

ಬೇಡ ಅಂದೆ. ಇದಕ್ಕೆ ನನ್ನನ್ನು ಹಟಮಾರಿ ಅನ್ನುವವರಿದ್ದಾರೆ, ಅನ್ನಲಿ. ಗೆರೆ ನೋಡಿದ ಮೇಲೆ ಕತ್ತರಿಸುವ ಜಾಗ ಆರಿಸಿದರೆ ಪಿ ವ್ಯಾಲ್ಯೂ ಚಿಕ್ಕದಾಗೇ ಬರುತ್ತದೆ, ಅದಕ್ಕೆ ಬೆಲೆ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. 3 ತಿಂಗಳ ನಂತರ ಆಪರೇಷನ್ ಗುಂಪಿನಲ್ಲಿ ಉಳಿದ 32 ಜನ ಆಪರೇಷನ್ನನ್ನು ತಡೆದುಕೊಂಡವರು, ತೀರಾ ಬಲಹೀನರು ಆಗಲೇ ಹೋಗಿರಬಹುದು. ಅವರನ್ನು ಔಷಧಿ ಗುಂಪಿನ 38 ಜನರ ಜೊತೆ ಹೋಲಿಸಿದರೆ ಅದು ಶುರುವಿನಲ್ಲಿ ಮಾಡಿದ ಹೋಲಿಕೆ ಅಲ್ಲ, ಅಲ್ವಾ?

ನಾನು ಹೇಳಿದ್ದು ಇಷ್ಟು. ಪ್ರೋಟೋಕಾಲ್‌ನಲ್ಲಿ ಲಾಗ್ ರ‍್ಯಾಂಕ್ ಅಂತ ಬರೆದಿದ್ದೀಯ, ಆ 0.88 ಹಾಗೇ ಇರಲಿ. ಅದರ ಪಕ್ಕದಲ್ಲೇ ಗೆರೆಗಳು ದಾಟಿವೆ ಅಂತ ಬರಿ. 3 ತಿಂಗಳಿಗೆ 80% ಮತ್ತು 95%, 3 ವರ್ಷಕ್ಕೆ 65% ಮತ್ತು 60% ಬದುಕಿದ್ದರು ಅನ್ನುವುದನ್ನು ಕಾನ್ಫಿಡೆನ್ಸ್ ಇಂಟರ್ವಲ್ ಸಮೇತ ಕೊಡು, ಇದನ್ನು ಆಮೇಲೆ ನೋಡಿದ್ದು ಅಂತಲೂ ಹೇಳು. ಚಿತ್ರದ ಕೆಳಗೆ ಪ್ರತಿ 6 ತಿಂಗಳಿಗೆ ಎಷ್ಟು ಜನ ಉಳಿದಿದ್ದರು ಅನ್ನುವ ಸಾಲು ಇರಲೇಬೇಕು.

"ಒಂದೇ" ಅನ್ನುವ ಪದವನ್ನು ಅವಳು ಅಲ್ಲೇ ಕೂತು ಹೊಡೆದು ಹಾಕಿದಳು.